ಆ್ಯಸ್-ಬಿಲ್ಟ್ ಡ್ರಾಯಿಂಗ್ ಕೊಟ್ಟು ಮುಗಿಸಿದ ಕತೆ: ಹನ್ನೊಂದು ವಾರ, ನೆಲದಡಿ ಒಂದು ಚೇಂಬರ್

ಕಳೆದ ವಾರ ಕೊನೆಗೂ ಸೀಲ್ ಬಿತ್ತು. ಕನಕಪುರ ರಸ್ತೆಯ ಒಂದು ಆಫೀಸ್ ಕಟ್ಟಡ. ಬೇಸ್‌ಮೆಂಟ್, ಗ್ರೌಂಡ್, ಅದರ ಮೇಲೆ ನಾಲ್ಕು ಮಹಡಿ. ನಾನು ಕಾಂಟ್ರ್ಯಾಕ್ಟರ್ ಕಡೆಯ ಪ್ಲಾನಿಂಗ್ ಎಂಜಿನಿಯರ್. ಕೆಲಸ ಮುಗಿದ 30 ದಿನದೊಳಗೆ ಆ್ಯಸ್-ಬಿಲ್ಟ್ ಡ್ರಾಯಿಂಗ್ ಕೊಡಬೇಕು ಅಂತ ಕಾಂಟ್ರ್ಯಾಕ್ಟ್‌ನಲ್ಲಿತ್ತು. ನಮಗೆ ಹಿಡಿದದ್ದು ಹನ್ನೊಂದು ವಾರ. ಅಷ್ಟು ದಿನವೂ ನಮ್ಮ ಬಿಲ್ಲಿನಲ್ಲಿ ಹಿಡಿದಿಟ್ಟ ರಿಟೆನ್ಷನ್ ದುಡ್ಡಿನ ಅರ್ಧ, ಅಂದರೆ 22 ಕೋಟಿಯ ಕೆಲಸಕ್ಕೆ ಎರಡೂವರೆ ಪರ್ಸೆಂಟ್, 55 ಲಕ್ಷ ರೂಪಾಯಿ, ಮಾಲೀಕರ ಹತ್ತಿರವೇ ಕೂತಿತ್ತು. ನಮ್ಮ ಡೈರೆಕ್ಟರ್ ಪ್ರತಿ ಸೋಮವಾರ ಕೇಳೋದು ಒಂದೇ ಪ್ರಶ್ನೆ: "ಆ ಡ್ರಾಯಿಂಗ್ ಏನಾಯ್ತು?"

ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಟ್ಟೋಕೆ ಅಂತ ಆರ್ಕಿಟೆಕ್ಟ್ ಕೊಡುವುದು ಜಿಎಫ್‌ಸಿ ಡ್ರಾಯಿಂಗ್. ಕಟ್ಟಿದ ಮೇಲೆ ನಿಜವಾಗಿ ಏನು, ಎಲ್ಲಿ, ಎಷ್ಟು ಆಳದಲ್ಲಿದೆ ಅಂತ ನಾವು ತೋರಿಸುವುದು ಆ್ಯಸ್-ಬಿಲ್ಟ್. ಓಸಿಗಾಗಿ ಪಾಲಿಕೆಗೆ ಕೊಡುವ ಕಂಪ್ಲೀಷನ್ ಪ್ಲ್ಯಾನ್ ಇದಲ್ಲ. ಅದರಲ್ಲಿ ಅವರು ನೋಡುವುದು ಮಂಜೂರಾದ ನಕ್ಷೆಗೂ ಕಟ್ಟಡಕ್ಕೂ ಹೊಂದುತ್ತಾ, ಸುತ್ತ ಜಾಗ ಬಿಟ್ಟಿದ್ದೀರಾ, ಎತ್ತರ ಎಷ್ಟು, ಪಾರ್ಕಿಂಗ್ ಎಷ್ಟು ಅನ್ನೋದನ್ನು. ನೆಲದೊಳಗಿನ ಪೈಪು, ಸೀಲಿಂಗ್ ಮೇಲಿನ ವಾಲ್ವು ಅದರಲ್ಲಿ ಬರುವುದಿಲ್ಲ. "ಓಸಿಗೆ ಕೊಟ್ಟಿದ್ದೇವಲ್ಲ, ಅದನ್ನೇ ಕೊಡೋಣ" ಅಂತ ನಮ್ಮ ಆಫೀಸಲ್ಲೂ ಒಬ್ಬರು ಅಂದರು. ಹಾಗಾಗುವುದಿಲ್ಲ.

ಮೊದಲ ಸಲ ನಾವು ಕೊಟ್ಟದ್ದು ಹೇಗಿತ್ತು ಅಂತ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. 168 ಶೀಟು. ಎಲ್ಲದರ ಟೈಟಲ್ ಬ್ಲಾಕ್‌ನಲ್ಲಿ ಹಳೆಯ ಮುದ್ರೆ ತೆಗೆದು ಆ್ಯಸ್-ಬಿಲ್ಟ್ ಅಂತ ಹಾಕಿದೆವು. ನಾಲ್ಕೈದು ಶೀಟಿನಲ್ಲಿ ಅದನ್ನೂ ಮರೆತಿದ್ದೆವು. ಜಯನಗರದ ಒಂದು ಪ್ಲಾಟಿಂಗ್ ಅಂಗಡಿಯಲ್ಲಿ ಎ1 ಸೈಜಿನಲ್ಲಿ ಮೂರು ಸೆಟ್ ಹೊಡೆಸಿದೆವು. ಶೀಟಿಗೆ 45 ರೂಪಾಯಿಯಂತೆ 22,680 ರೂಪಾಯಿ. ಉದ್ದನೆಯ ಟ್ಯೂಬುಗಳನ್ನು ಹೆಗಲಿಗೆ ಹಾಕಿಕೊಂಡು ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ, ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳುವ ಪಿಎಂಸಿಯ ಎಂಜಿ ರಸ್ತೆ ಆಫೀಸಿಗೆ ಹೋಗಿ ಕೊಟ್ಟು ಬಂದೆ. ಜೊತೆಗೆ ಒಂದು ಪತ್ರ. ಅದರಲ್ಲಿದ್ದದ್ದು ಎರಡೇ ಸಾಲು: ಎಲ್ಲ ಆ್ಯಸ್-ಬಿಲ್ಟ್ ಡ್ರಾಯಿಂಗ್‌ಗಳನ್ನು ಲಗತ್ತಿಸಿದ್ದೇವೆ, ಇವು ಸೈಟಿನಲ್ಲಿರುವುದಕ್ಕೆ ನೂರಕ್ಕೆ ನೂರು ಹೊಂದುತ್ತವೆ ಎಂದು ಪ್ರಮಾಣೀಕರಿಸುತ್ತೇವೆ. ಇನ್ನೊಂದು ಹಾಳೆಯಲ್ಲಿ ಚೆಕ್‌ಲಿಸ್ಟ್. ನಲವತ್ತು ಸಾಲು, ನಲವತ್ತು ಟಿಕ್.

ಎರಡು ವಾರ ಏನೂ ಸುದ್ದಿ ಇಲ್ಲ. ಮೂರನೇ ವಾರ ಪಿಎಂಸಿಯಿಂದ ಮೇಲ್ ಬಂತು. ಕಾಮೆಂಟು ಮೂರೇ. ಒಂದು: ಡ್ರಾಯಿಂಗ್ ರಿಜಿಸ್ಟರಿನಲ್ಲಿ 171 ಇದೆ, ನೀವು ಕೊಟ್ಟದ್ದು 168. ಎರಡು: ಚೆಕ್‌ಲಿಸ್ಟಿನ ಟಿಕ್ ಅಂದರೆ ಏನು? ಯಾರು, ಯಾವತ್ತು, ಹೇಗೆ ನೋಡಿದರು? ಮೂರು: ಹೊರಗಿನ ಒಳಚರಂಡಿ ಶೀಟಿನಲ್ಲಿ ಮ್ಯಾನ್‌ಹೋಲ್ ಎಂಎಚ್-3 ರಿಂದ ಎಂಎಚ್-4 ರ ಪೈಪಿನ ಉದ್ದ, ವಾಟ, ಲೆವೆಲ್ ಮೂರೂ ಒಂದಕ್ಕೊಂದು ಹೊಂದುತ್ತಿಲ್ಲ, ವಿವರಿಸಿ.

ಮೂರನೆಯದನ್ನು ನೋಡಿ ನನಗೆ ಮೊದಲು ಸಿಟ್ಟೇ ಬಂತು. 168 ಶೀಟಿನಲ್ಲಿ ಒಂದು ಪೈಪು! ಆದರೆ ಹನ್ನೊಂದು ವಾರದಲ್ಲಿ ನಾನು ಕಲಿತದ್ದರ ಅರ್ಧ ಆ ಪೈಪಿನಿಂದಲೇ. ಅದನ್ನು ಪೂರ್ತಿ ಹೇಳುತ್ತೇನೆ.

ಪಿಎಂಸಿಯಲ್ಲಿ ಡ್ರಾಯಿಂಗ್ ನೋಡುತ್ತಿದ್ದವರು ಒಬ್ಬ ಮೇಡಂ. ಅವರ ಟೇಬಲ್ ಹತ್ತಿರ ಕೂರಿಸಿಕೊಂಡು ತೋರಿಸಿದರು. ಶೀಟಿನಲ್ಲಿ ಉದ್ದ 27.0 ಮೀಟರ್ ಅಂತ ಬರೆದಿತ್ತು. ವಾಟ 1:100. ಇನ್ವರ್ಟ್ ಲೆವೆಲ್, ಅಂದರೆ ಪೈಪಿನ ಒಳತಳದ ಮಟ್ಟ, ಎಂಎಚ್-3 ರಲ್ಲಿ 97.640, ಎಂಎಚ್-4 ರಲ್ಲಿ 97.400. ಇಳಿದದ್ದು 240 ಮಿಲಿಮೀಟರ್. "27 ಮೀಟರಿಗೆ 1:100 ವಾಟ ಅಂದರೆ 270 ಇಳಿಯಬೇಕಲ್ವಾ ಸಾರ್? 240 ಯಾಕೆ ಇದೆ?" ಅಂದರು. ಆಮೇಲೆ ಕ್ಯಾಡ್ ಫೈಲ್ ತೆಗೆದು ಆ ಗೆರೆಯ ಮೇಲೆ `DIST` ಕೊಟ್ಟರು. ಬಂದದ್ದು 24.000. ಗೆರೆ ಹಾಗೇ ಇದೆ, ಉದ್ದದ ಅಂಕಿ ಮಾತ್ರ ಕೈಯಲ್ಲಿ ಟೈಪ್ ಮಾಡಿದ್ದು! ಡಿಸೈನಿನಲ್ಲಿ 24 ಮೀಟರ್, 1:100, 240 ಇಳಿತ. ಅದರ ಮೇಲೆ ಯಾರೋ 27 ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ.

ಆ 'ಯಾರೋ' ನಮ್ಮ ಡ್ರಾಫ್ಟ್ಸ್‌ಮನ್. ಆದರೆ ಪೂರ್ತಿ ತಪ್ಪು ಅವನದಲ್ಲ. ಸೈಟಿನ ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಪ್ಲಂಬಿಂಗ್ ಫೋರ್‌ಮನ್ ಬರೆದಿದ್ದದ್ದು ಇಷ್ಟೇ: "ಬಂಡೆ. ಲೈನ್ ತಿರುಗಿಸಿದೆ. ಎಲ್ = 27." ಎಲ್ಲಿ ತಿರುಗಿಸಿದ, ಎಷ್ಟು ದೂರ, ತಿರುವಿನಲ್ಲಿ ಏನಿದೆ, ಒಂದೂ ಇಲ್ಲ. ಡ್ರಾಫ್ಟ್ಸ್‌ಮನ್‌ಗೆ ಸಿಕ್ಕಿದ್ದು ಒಂದು ಅಂಕಿ. ಅದನ್ನು ಹಾಕಿದ.

(ನಡುವೆ ಒಂದು ಉಪಾಯ: ಹೀಗೆ ಕೈಯಲ್ಲಿ ಬರೆದ ಅಳತೆಗಳು ಇನ್ನೆಲ್ಲಿವೆ ಅಂತ ಹುಡುಕಲು ಫೈಲಿನ ಒಂದು ಕಾಪಿ ಮಾಡಿಕೊಂಡು ಅದರಲ್ಲಿ `DIMREASSOC` ಕೊಟ್ಟು ನೋಡಿ. ಎಕ್ಸ್‌ಪ್ರೆಸ್ ಟೂಲ್ಸ್ ಇರುವ ಆಟೊಕ್ಯಾಡ್‌ನಲ್ಲಿ ಇದು ಸಿಗುತ್ತದೆ. ಟೈಪ್ ಮಾಡಿದ ಅಂಕಿ ಹೋಗಿ ಗೆರೆಯ ನಿಜವಾದ ಅಳತೆ ಬರುತ್ತದೆ. ಮೂಲ ಫೈಲಿನಲ್ಲಿ ಮಾತ್ರ ಮಾಡಬೇಡಿ, ಬೇಕಂತಲೇ ಬರೆದ ಟಿಪ್ಪಣಿಗಳೂ ಅಳಿಸಿಹೋಗುತ್ತವೆ. ನಮ್ಮ 168 ಶೀಟಿನಲ್ಲಿ ಹೀಗೆ ಇನ್ನೂ ಹದಿನೇಳು ಸಿಕ್ಕವು.)

ಫೋರ್‌ಮನ್ ಅಷ್ಟೊತ್ತಿಗೆ ಹೊಸಕೋಟೆ ಕಡೆಯ ಇನ್ನೊಂದು ಸೈಟಿಗೆ ಹೋಗಿದ್ದ. ಫೋನ್ ಮಾಡಿದೆ. "ಅಣ್ಣಾ, ಆ ಬಂಡೆ ಹತ್ರ ಲೈನ್ ಹೇಗೆ ತಿರುಗಿಸಿದ್ರಿ?" ಅಂದರೆ, "ಬೆಂಡ್ ಹಾಕೋಕಾಗಲ್ಲ ಸಾರ್, ಅಲ್ಲೊಂದು ಚೇಂಬರ್ ಕಟ್ಟಿದೀವಲ್ಲ" ಅಂದ. ನನ್ನ ಡ್ರಾಯಿಂಗ್‌ನಲ್ಲಿ ಆ ಚೇಂಬರೇ ಇಲ್ಲ. ಸೈಟಿಗೆ ಹೋಗಿ ನೋಡಿದೆ. ಕಣ್ಣಿಗೂ ಬೀಳಲಿಲ್ಲ! ಎಲ್ಲ ಕಡೆ ಇಂಟರ್‌ಲಾಕ್ ಹಾಸಿ ಮುಗಿದಿತ್ತು.

ಅವನು ಭಾನುವಾರ ಬಂದ. ಅವನ ಖರ್ಚು, ಇಬ್ಬರು ಹೆಲ್ಪರ್‌ಗಳ ಕೂಲಿ, ಎಲ್ಲ ಸೇರಿ ಮೂರೂವರೆ ಸಾವಿರ. ಎಂಎಚ್-3 ರ ಹತ್ತಿರ ನಿಂತು ಕಾಂಪೌಂಡ್ ಕಡೆ ತಿರುಗಿ, ಹೆಜ್ಜೆ ಎಣಿಸುತ್ತಾ ಹೋದ. ಒಂದು ಕಡೆ ನಿಂತು ಹಿಮ್ಮಡಿಯಿಂದ ಕುಟ್ಟಿದ. "ಇಲ್ಲೇ ಸಾರ್." ಗಡಾರಿಯಲ್ಲಿ ಇಂಟರ್‌ಲಾಕ್ ಎಬ್ಬಿಸಿದರು. ಇರಲಿಲ್ಲ. ಎರಡು ಹೆಜ್ಜೆ ಆಚೆ ಎಬ್ಬಿಸಿದರು. ಎಂ-ಸ್ಯಾಂಡ್ ಕೆದಕಿದಾಗ ಟಣ್ ಅಂತು. ಇಂಟರ್‌ಲಾಕಿನ ಎರಡು ಇಂಚು ಕೆಳಗೆ ಮುಚ್ಚಳ. ನೆಲ ಹಾಸುವವರು ಚೇಂಬರನ್ನು ಮೇಲಕ್ಕೆ ಎತ್ತಿಸದೆ ಹಾಗೇ ಮುಚ್ಚಿಕೊಂಡು ಹೋಗಿದ್ದಾರೆ. ನಾಳೆ ಲೈನ್ ಕಟ್ಟಿಕೊಂಡರೆ ಮೇಂಟೆನೆನ್ಸ್‌ನವರು 3 ರಿಂದ 4 ಕ್ಕೆ ರಾಡ್ ಹಾಕುತ್ತಾರೆ, ಅದು ತಿರುವಿನಲ್ಲಿ ನಿಲ್ಲುತ್ತದೆ, ಪೈಪ್ ಒಡೆದಿದೆ ಅಂತ ಅಂಗಳವನ್ನೆಲ್ಲ ಅಗೆಯುತ್ತಾರೆ. ನಮ್ಮ ಪತ್ರದಲ್ಲಿ ನೂರಕ್ಕೆ ನೂರು ಅಂತ ಬರೆದಿದ್ದೆವು.

ಅವತ್ತೇ ಲೆವೆಲ್ ತೆಗೆದೆವು. ಲೆವೆಲ್‌ಗಳಿಗೆಲ್ಲ ಆಧಾರವಾದ ಗುರುತು, ಟಿಬಿಎಂ, ಹುಡುಕುವುದೇ ಒಂದು ಕೆಲಸವಾಯಿತು. ಸೆಕ್ಯುರಿಟಿ ಕ್ಯಾಬಿನ್‌ನ ಗ್ರಾನೈಟ್ ಮೆಟ್ಟಿಲಿನ ಮೂಲೆಯಲ್ಲಿ ಉಳಿಯಿಂದ ಕೊರೆದ ಪ್ಲಸ್ ಗುರುತು, ಬೆಲೆ 100.000. ಪೇಂಟರ್ ಅದರ ಮೇಲೆ ಹಳದಿ ಪಟ್ಟಿ ಬಳಿದಿದ್ದ. ಕೆರೆದು ಗುರುತು ಕಂಡ ಮೇಲೆ ಆಟೊ ಲೆವೆಲ್ ಇಟ್ಟು ಸ್ಟಾಫ್ ನೋಡಿದರೆ 1.210. ಅಲ್ಲಿಗೆ ಉಪಕರಣದ ಎತ್ತರ 101.210. ಇನ್ನು ಪ್ರತಿ ಚೇಂಬರಿನ ಪೈಪಿನ ತಳದಲ್ಲಿ ಸ್ಟಾಫ್ ಇಟ್ಟು ಬಂದ ಅಂಕಿಯನ್ನು ಇದರಿಂದ ಕಳೆಯುವುದಷ್ಟೇ. ಎಂಎಚ್-3 ರಲ್ಲಿ 3.555 ಬಂತು, ಅಂದರೆ ಲೆವೆಲ್ 97.655. ಹೊಸದಾಗಿ ಸಿಕ್ಕ ಚೇಂಬರಿಗೆ 3ಎ ಅಂತ ಹೆಸರಿಟ್ಟೆವು. ಅದರಲ್ಲಿ 3.695, ಅಂದರೆ 97.515. ಎಂಎಚ್-4 ರಲ್ಲಿ 3.805, ಅಂದರೆ 97.405. ಟೇಪ್ ಹಿಡಿದರೆ 3 ರಿಂದ 3ಎ ಗೆ 12.0 ಮೀಟರ್, 3ಎ ಯಿಂದ 4 ಕ್ಕೆ 15.0. ಫೋರ್‌ಮನ್ ಬರೆದ 27 ಸರಿಯಾಗೇ ಇತ್ತು, ಪಾಪ.

ಈಗ ವಾಟ ಲೆಕ್ಕ ಹಾಕಿ. ಮೊದಲ ತುಂಡಿನಲ್ಲಿ 12 ಮೀಟರಿಗೆ 140 ಮಿಲಿಮೀಟರ್ ಇಳಿತ, ಅಂದರೆ 1:86. ಅದು ಚೆನ್ನಾಗಿದೆ. ಎರಡನೇ ತುಂಡಿನಲ್ಲಿ 15 ಮೀಟರಿಗೆ 110 ಅಷ್ಟೇ. 1:136. ಡಿಸೈನಿನ 1:100 ಕ್ಕಿಂತ ಚಪ್ಪಟೆ. ಎಂಎಚ್-4 ರ ಲೆವೆಲ್ ಮುಂದೆ ಎಸ್‌ಟಿಪಿ ತೊಟ್ಟಿಗೆ ಕಟ್ಟುಬಿದ್ದದ್ದು, ಅದನ್ನು ಇಳಿಸೋಕಾಗಲ್ಲ. ಮೊದಲ ತುಂಡಿನಲ್ಲೇ ಜಾಸ್ತಿ ಇಳಿಸಿ, ಉಳಿದದ್ದನ್ನು ಎರಡನೆಯದಕ್ಕೆ ಬಿಟ್ಟಿದ್ದಾರೆ.

ಇಲ್ಲಿ ನನ್ನ ಸೀನಿಯರ್ ಒಬ್ಬರು ಮೆಲ್ಲಗೆ ಹೇಳಿದ್ದು: "ಸುಮ್ನೆ 3ಎ ಲೆವೆಲ್ಲು 97.540 ಅಂತ ಹಾಕು, ಎರಡೂ ಕಡೆ 1:110 ಆಸುಪಾಸು ಬರುತ್ತೆ, ಯಾರು ಇಳಿದು ನೋಡ್ತಾರೆ?" ಹಾಕಬಹುದಿತ್ತು. ಆ ಮೇಡಂ ಇಳಿದು ನೋಡುತ್ತಾರೆ ಅನ್ನೋ ಭಯವೂ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿಜವಾದ ಕಾರಣ ಬೇರೆ. ಆ್ಯಸ್-ಬಿಲ್ಟ್‌ನ ಕೆಲಸ ಇರುವುದನ್ನು ತೋರಿಸುವುದು. ಇರುವುದು ಸರಿಯೋ ತಪ್ಪೋ ಅಂತ ಹೇಳುವವರು ಡಿಸೈನ್ ಮಾಡಿದವರು. ಆ ಎರಡನ್ನೂ ಬೆರೆಸಿದರೆ ಯಾವುದಕ್ಕೂ ಬೆಲೆ ಇರಲ್ಲ. ಹಾಗಾಗಿ ಡ್ರಾಯಿಂಗ್‌ನಲ್ಲಿ 1:136 ಅಂತಲೇ ಬರೆದೆವು. ಬೇರೆಯಾಗಿ ಒಂದು ಡೀವಿಯೇಷನ್ ನೋಟ್ ಮಾಡಿ ಪ್ಲಂಬಿಂಗ್ ಕನ್ಸಲ್ಟೆಂಟ್‌ಗೆ ಕಳಿಸಿದೆವು. ಅವರು ಉತ್ತರ ಕೊಡೋಕೆ ಹದಿನಾರು ದಿನ ತಗೊಂಡರು. ಸೈಟಿನಲ್ಲಿ ಬಾಲ್ ಟೆಸ್ಟ್ ಮಾಡಿಸಿದರು. ಪೈಪಿನ ಒಳಗಿನ ಅಳತೆಗಿಂತ ಸ್ವಲ್ಪ ಚಿಕ್ಕ ಚೆಂಡನ್ನು ಮೇಲಿನ ಚೇಂಬರಿನಲ್ಲಿ ಬಿಟ್ಟರೆ ಕೆಳಗಿನದರಲ್ಲಿ ತಾನಾಗೇ ಬರಬೇಕು. ಬಂತು. ಒಂದು ತುದಿಯಲ್ಲಿ ಟಾರ್ಚ್, ಇನ್ನೊಂದು ತುದಿಯಲ್ಲಿ ಕನ್ನಡಿ ಇಟ್ಟು ಒಳಗೆ ಪೂರ್ತಿ ದುಂಡನೆಯ ಬೆಳಕು ಕಾಣುತ್ತಾ ಅಂತಲೂ ನೋಡಿದರು. ಆಮೇಲೆ ಒಪ್ಪಿ ಪತ್ರ ಕೊಟ್ಟರು, ದೋಷ ಸರಿಪಡಿಸುವ ಹೊಣೆ ನಮ್ಮ ಮೇಲಿರುವ ಡಿಎಲ್‌ಪಿ ಅವಧಿ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಆ ತುಂಡನ್ನು ನಾವೇ ಕ್ಲೀನ್ ಮಾಡಿಸಬೇಕು ಅನ್ನೋ ಷರತ್ತಿನ ಮೇಲೆ. 3ಎ ಯ ಮುಚ್ಚಳವನ್ನು ಇಂಟರ್‌ಲಾಕ್ ಮಟ್ಟಕ್ಕೆ ಎತ್ತಿಸಿದೆವು. ಡ್ರಾಯಿಂಗ್‌ನಲ್ಲಿ ಅದರ ಜಾಗವನ್ನು ಎರಡು ಕಡೆಯಿಂದ ಅಳೆದು ತೋರಿಸಿದೆವು, ಒಂದು ಕಟ್ಟಡದ ಮೂಲೆ ಕಾಲಂನಿಂದ, ಇನ್ನೊಂದು ಕಾಂಪೌಂಡ್ ಗೋಡೆಯಿಂದ. ಇಂಟರ್‌ಲಾಕ್ ಅಂಚಿನಿಂದಲೋ ಗಿಡದಿಂದಲೋ ಅಳತೆ ಕೊಡಬೇಡಿ. ಅವು ನಾಲ್ಕು ವರ್ಷದಲ್ಲಿ ಇರಲ್ಲ.

ಇನ್ನು ಆ 171 ರ ಲೆಕ್ಕ. ಎರಡು ಶೀಟು ನಡುವೆಯೇ ರದ್ದಾಗಿದ್ದವು, ರಿಜಿಸ್ಟರಿನಲ್ಲಿ ಯಾರೂ ಹೊಡೆದುಹಾಕಿರಲಿಲ್ಲ. ಮೂರನೆಯದು ಫೈರ್ ಪಂಪ್ ರೂಮಿನ ಸೆಕ್ಷನ್, ನಿಜವಾಗಿ ಬಿಟ್ಟುಹೋಗಿತ್ತು. ಅದು ಒಂದು ದಿನದ ಕೆಲಸ. ಆದರೆ ಮೇಡಂ ಅಲ್ಲಿಗೆ ಬಿಡಲಿಲ್ಲ. "ಆರ್‌ಎಫ್‌ಐ ಲಾಗ್, ಸೈಟ್ ಇನ್‌ಸ್ಟ್ರಕ್ಷನ್ ಫೈಲು ತಗೊಂಡು ಉಲ್ಟಾ ಬನ್ನಿ" ಅಂದರು. ಅಂದರೆ ಡ್ರಾಯಿಂಗ್ ಹಿಡಿದು ಬದಲಾವಣೆ ಹುಡುಕುವುದಲ್ಲ, ಒಂದೊಂದು ಬದಲಾವಣೆಯನ್ನೂ ಹಿಡಿದು ಅದು ಯಾವ ಶೀಟಿನಲ್ಲಿ ಬಂದಿದೆ ಅಂತ ನೋಡುವುದು. ಆರ್‌ಎಫ್‌ಐ, ಅಂದರೆ ಡ್ರಾಯಿಂಗ್ ಬಗ್ಗೆ ನಾವು ಬರೆದು ಕೇಳಿದ ಪ್ರಶ್ನೆಗಳು, 143. ಸೈಟ್ ಇನ್‌ಸ್ಟ್ರಕ್ಷನ್ 38. ಅವುಗಳಲ್ಲಿ ಡ್ರಾಯಿಂಗ್ ಬದಲಾಗಬೇಕಿದ್ದದ್ದು 52. ನಮ್ಮ ಸೆಟ್‌ನಲ್ಲಿ ಬಂದಿದ್ದದ್ದು 44. ಉಳಿದ ಎಂಟರಲ್ಲಿ ಒಂದು, ಮೂರನೇ ಮಹಡಿಯ ಎಲೆಕ್ಟ್ರಿಕಲ್ ರೂಮಿನ ಬಾಗಿಲನ್ನೇ ಇನ್ನೊಂದು ಗೋಡೆಗೆ ಸರಿಸಿದ್ದು. ಎಲೆಕ್ಟ್ರಿಕಲ್ ಶೀಟಿನಲ್ಲಿ ಬಾಗಿಲು ಹೊಸ ಜಾಗದಲ್ಲಿದೆ, ಆರ್ಕಿಟೆಕ್ಚರಲ್ ಶೀಟಿನಲ್ಲಿ ಹಳೆ ಜಾಗದಲ್ಲಿದೆ. ಸಮಯವಿಲ್ಲ, ಒಂದೇ ಒಂದು ಪರೀಕ್ಷೆ ಮಾಡೋಕಾಗುತ್ತೆ ಅಂದರೆ ನಾನು ಈ ಉಲ್ಟಾ ಪರೀಕ್ಷೆಯನ್ನೇ ಮಾಡುತ್ತೇನೆ.

ಚೆಕ್‌ಲಿಸ್ಟನ್ನು ಹೊಸದಾಗಿ ಬರೆದೆವು. ಟಿಕ್ ಹಾಕುವ ಕಾಲಂ ತೆಗೆದೇಬಿಟ್ಟೆವು. ಅದರ ಬದಲು 'ಹೇಗೆ ನೋಡಿದ್ದು' ಅನ್ನೋ ಕಾಲಂ, ಅದರಲ್ಲಿ ನಾಲ್ಕೇ ಉತ್ತರ: ಅಳತೆ, ಫೋಟೊ, ದಾಖಲೆ, ಇಲ್ಲ. ನಾವೇ ಹೋಗಿ ಅಳೆದಿದ್ದರೆ ಅಳತೆ. ಮುಚ್ಚುವ ಮುಂಚೆ ಟೇಪ್ ಹಿಡಿದು ತೆಗೆದ ಫೋಟೊ ಇದ್ದರೆ ಫೋಟೊ. ಕೆಂಪು ಗುರುತಿನ ಪ್ರಿಂಟೋ ಇನ್‌ಸ್ಪೆಕ್ಷನ್ ರಿಪೋರ್ಟೋ ಮಾತ್ರ ಇದ್ದರೆ ದಾಖಲೆ. ಏನೂ ಇಲ್ಲದಿದ್ದರೆ ಇಲ್ಲ. ಪಕ್ಕದಲ್ಲಿ ಡ್ರಾಯಿಂಗ್‌ನ ಅಂಕಿ, ಸೈಟಿನ ಅಂಕಿ, ವ್ಯತ್ಯಾಸ, ನೋಡಿದವರ ಸಹಿ, ತಾರೀಖು. ಎಂಎಚ್-3 ರ ಸಾಲು ಹೀಗಿತ್ತು: ಡ್ರಾಯಿಂಗ್ 97.640, ಸೈಟ್ 97.655, ವ್ಯತ್ಯಾಸ 15 ಮಿಲಿಮೀಟರ್, ಅಳತೆ, ಡ್ರಾಯಿಂಗ್ ತಿದ್ದಿದೆ. ಲೆವೆಲ್‌ಗಳಿಗೆ 10 ಮಿಲಿಮೀಟರ್‌ವರೆಗೆ ಬಿಡಬಹುದು ಅಂತ ಪಿಎಂಸಿ ಜೊತೆ ಮೊದಲೇ ಮಾತಾಡಿಕೊಂಡಿದ್ದೆವು. ಈ ಮಿತಿಯನ್ನು ಅಳೆಯೋಕೆ ಹೋಗುವ ಮುಂಚೆ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಒಪ್ಪಲ್ಲ.

ಎಲ್ಲವನ್ನೂ ಅಳೆಯೋಕೆ ಆಗುತ್ತಾ? ಇಲ್ಲ. ನಾವು ಒಪ್ಪಿಕೊಂಡದ್ದು ಹೀಗೆ: ಮಣ್ಣೊಳಗೆ ಹೋದದ್ದೆಲ್ಲ ಪೂರ್ತಿ, ಸೀಲಿಂಗ್ ಮೇಲಿನದು ಹತ್ತು ರೂಮಿಗೆ ಒಂದು, ಕಣ್ಣಿಗೆ ಕಾಣುವ ಗೋಡೆ ಬಾಗಿಲುಗಳು ಶೀಟಿಗೆ ಒಂದು ಅಳತೆ. ಮಾದರಿಯಲ್ಲಿ ಒಂದು ತಪ್ಪು ಸಿಕ್ಕರೆ ಆ ಶೀಟು ಪೂರ್ತಿ ಅಳೆಯಬೇಕು. ಕಾಣದ್ದನ್ನು ಜಾಸ್ತಿ ನೋಡಬೇಕು, ಕಾಣುವುದನ್ನು ಕಮ್ಮಿ. ಮೊದಲ ಸಲ ನಾವು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಯಾಕಂದರೆ ಕಾಣುವುದನ್ನು ಅಳೆಯುವುದು ಸುಲಭ.

'ಇಲ್ಲ' ಅಂತ ಬರೆಯುವುದಕ್ಕೆ ನಮ್ಮ ಆಫೀಸಿನಲ್ಲಿ ದೊಡ್ಡ ಜಗಳವೇ ಆಯಿತು. ಸ್ಲ್ಯಾಬಿನೊಳಗಿನ ಕಂಡ್ಯೂಟ್‌ಗೆ ಮೊದಲ ಮೂರು ಮಹಡಿಗೆ ಕಾಂಕ್ರೀಟ್ ಹಾಕುವ ಮುಂಚಿನ ಫೋಟೊ ಇತ್ತು. ನಾಲ್ಕನೆಯದರ ಫೋಟೊಗಳು ಕೆಲಸ ಬಿಟ್ಟುಹೋದ ಒಬ್ಬ ಹುಡುಗನ ಫೋನಿನಲ್ಲಿದ್ದವು, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ಡೌನ್‌ಲೋಡ್ ಆಗುತ್ತಿಲ್ಲ. ದಾಖಲೆಯೂ ಇಲ್ಲ. ನಾನು 'ಇಲ್ಲ' ಅಂತಲೇ ಹಾಕಿದೆ. "ಹೀಗೆ ಬರೆದರೆ ದುಡ್ಡು ಬಿಡ್ತಾರಾ?" ಅಂತ ಕಾಂಟ್ರ್ಯಾಕ್ಟ್ಸ್ ಮ್ಯಾನೇಜರ್. ನಾನಂದೆ, "ಸಾರ್, ನಾಳೆ ಯಾರೋ ಆ ಸ್ಲ್ಯಾಬಿಗೆ ಡ್ರಿಲ್ ಹಾಕಿ ಕಂಡ್ಯೂಟ್ ಕುಯ್ದರೆ, ನಮ್ಮ ಸಹಿ ಇರೋ ಡ್ರಾಯಿಂಗ್ ಅಲ್ಲಿ ಕಂಡ್ಯೂಟೇ ಇಲ್ಲ ಅಂತ ಹೇಳುತ್ತೆ."

ಪಿಎಂಸಿಯವರು ಇದಕ್ಕೆ ಕೊಟ್ಟ ಪರಿಹಾರ ನನಗೆ ಹೊಳೆದಿರಲಿಲ್ಲ. ಅದನ್ನು ಪತ್ರದಲ್ಲಿ ಮಾತ್ರ ಬರೆದರೆ ಸಾಲದು, ಆ ಶೀಟಿನ ಮೇಲೇ ಬರೆಯಿರಿ ಅಂದರು. ಪತ್ರ ಫೈಲಿಗೆ ಹೋಗುತ್ತದೆ. ಐದು ವರ್ಷದ ಮೇಲೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದು ಶೀಟು ಮಾತ್ರ. ಹಾಗಾಗಿ ನಾಲ್ಕನೇ ಮಹಡಿಯ ಶೀಟಿನಲ್ಲಿ ಚೌಕದೊಳಗೆ ದಪ್ಪ ಅಕ್ಷರದಲ್ಲಿ ಹಾಕಿದೆವು: ಕಂಡ್ಯೂಟ್ ದಾರಿ ಅಂದಾಜಿನದು, ಪರಿಶೀಲಿಸಿಲ್ಲ, ಕೊರೆಯುವ ಮುಂಚೆ ಸ್ಕ್ಯಾನ್ ಮಾಡಿಸಿ.

ಈಗ ಕವರಿಂಗ್ ಲೆಟರ್. ನಮ್ಮದು ಇಂಗ್ಲಿಷಿನಲ್ಲಿತ್ತು. ಅದರ ತಿರುಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ, ಬೇಕಾದವರು ತಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ.

"ಈ ಪತ್ರದೊಂದಿಗೆ 169 ಆ್ಯಸ್-ಬಿಲ್ಟ್ ಶೀಟುಗಳನ್ನು, ಪಟ್ಟಿಯ ಪ್ರಕಾರ, ಸಲ್ಲಿಸುತ್ತಿದ್ದೇವೆ. ರಿಜಿಸ್ಟರಿನಲ್ಲಿರುವ ಇನ್ನೆರಡು ಶೀಟುಗಳು ರದ್ದಾಗಿವೆ, ಅವುಗಳ ನಂಬರ್ ಮತ್ತು ಕಾರಣ ಪಟ್ಟಿಯಲ್ಲಿದೆ. ಪ್ರತಿ ಶೀಟು ಯಾವ ಜಿಎಫ್‌ಸಿ ರಿವಿಷನ್ ಮೇಲೆ ತಯಾರಾಗಿದೆ ಎಂದು ಪಟ್ಟಿಯಲ್ಲಿ ತೋರಿಸಿದೆ. ಡ್ರಾಯಿಂಗ್ ಬದಲಿಸಿದ 52 ಆರ್‌ಎಫ್‌ಐ ಮತ್ತು ಸೈಟ್ ಇನ್‌ಸ್ಟ್ರಕ್ಷನ್‌ಗಳು ಯಾವ ಶೀಟಿನಲ್ಲಿ ಬಂದಿವೆ ಎಂಬ ಕೋಷ್ಟಕ ಲಗತ್ತಿಸಿದೆ. ಎಲ್ಲ ಲೆವೆಲ್‌ಗಳು ಸೆಕ್ಯುರಿಟಿ ಕ್ಯಾಬಿನ್ ಮೆಟ್ಟಿಲಿನ ಟಿಬಿಎಂ 100.000 ಕ್ಕೆ ಸಂಬಂಧಿಸಿದವು. ಪರಿಶೀಲನೆ ಹೇಗೆ ನಡೆದಿದೆ ಎಂಬುದು ಚೆಕ್‌ಲಿಸ್ಟಿನಲ್ಲಿದೆ. ನಾಲ್ಕನೇ ಮಹಡಿಯ ಸ್ಲ್ಯಾಬ್ ಕಂಡ್ಯೂಟ್ ಪರಿಶೀಲನೆಯಾಗಿಲ್ಲ, ಶೀಟಿನ ಮೇಲೆ ಸೂಚನೆ ಇದೆ. ಎಂಎಚ್-3ಎ ಯಿಂದ ಎಂಎಚ್-4 ರ ವಾಟ ಡಿಸೈನಿಗಿಂತ ಕಡಿಮೆ ಇದೆ, ಕನ್ಸಲ್ಟೆಂಟರ ಒಪ್ಪಿಗೆ ಪತ್ರ ಲಗತ್ತಿಸಿದೆ. ದಯವಿಟ್ಟು ಸ್ವೀಕೃತಿಯನ್ನು ತಾರೀಖಿನೊಂದಿಗೆ ನೀಡಿ."

ನೂರಕ್ಕೆ ನೂರು ಅನ್ನೋ ಮಾತು ಹೋಯಿತು. ಅದರ ಜಾಗದಲ್ಲಿ, ಚೆಕ್‌ಲಿಸ್ಟಿನಲ್ಲಿ 'ಅಳತೆ' ಎಂದಿರುವುದಕ್ಕೆ ಮಾತ್ರ ನಾವು ಜವಾಬ್ದಾರರು ಎಂದು ಬರೆಯೋಕೆ ನೋಡಿದೆವು. ಪಿಎಂಸಿ ಒಪ್ಪಲಿಲ್ಲ, ಕಾಂಟ್ರ್ಯಾಕ್ಟಿನ ಜವಾಬ್ದಾರಿಯನ್ನು ಪತ್ರದಿಂದ ಕಮ್ಮಿ ಮಾಡೋಕಾಗಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಪತ್ರ ಹೇಳಬೇಕಾದದ್ದು ಏನು ನೋಡಿದ್ದೇವೆ, ಏನು ನೋಡಿಲ್ಲ ಅಂತ. ಇನ್ನೊಂದು, ರಿಟೆನ್ಷನ್ ದುಡ್ಡು ಬಿಡುಗಡೆ ಮಾಡಿ ಅನ್ನೋ ಮನವಿಯನ್ನು ಇದೇ ಪತ್ರದಲ್ಲಿ ತುರುಕಬೇಡಿ. ಡ್ರಾಯಿಂಗ್ ನೋಡುವವರು ಬೇರೆ, ಬಿಲ್ ನೋಡುವವರು ಬೇರೆ. ಪತ್ರ ಎರಡು ಟೇಬಲ್ ನಡುವೆ ಓಡಾಡುತ್ತಾ ಇರುತ್ತದೆ. ನಾವು ಸ್ವೀಕೃತಿ ಸಿಕ್ಕ ಮೇಲೆ ಅದರ ಕಾಪಿ ಇಟ್ಟು ಬೇರೆ ಪತ್ರ ಕೊಟ್ಟೆವು.

ಎಂಟನೇ ವಾರ ಪಿಡಿಎಫ್ ಮಾತ್ರ ಕಳಿಸಿದೆವು. ಪಿಡಿಎಫ್ ಒಪ್ಪಿಗೆಯಾಗುವವರೆಗೆ ಒಂದು ಶೀಟೂ ಪ್ರಿಂಟ್ ಹೊಡೆಸಬೇಡಿ, ಮೊದಲ ಸಲದ 22,680 ರೂಪಾಯಿ ರದ್ದಿಗೆ ಹೋಯಿತು. ಒಂಬತ್ತನೇ ವಾರ ಚಿಕ್ಕಪುಟ್ಟ ಕಾಮೆಂಟು ಬಂದವು. ಬದಲಾದ ಜಾಗವನ್ನು ಸುತ್ತಿ ತೋರಿಸುವ ರಿವಿಷನ್ ಕ್ಲೌಡ್‌ಗಳನ್ನು ನಾವು ಹಾಗೇ ಬಿಟ್ಟಿದ್ದೆವು, ಅವರಿಗೆ ಬೇಡವಾಗಿತ್ತು. ಕೆಲವು ಮಾಲೀಕರಿಗೆ ಬೇಕಿರುತ್ತದೆ. ಮೊದಲೇ ಕೇಳಿಕೊಂಡರೆ ಎರಡು ದಿನ ಉಳಿಯುತ್ತದೆ.

ಹತ್ತನೇ ವಾರ ಎಲ್ಲ ಮುಗಿಯಿತು ಅಂದುಕೊಂಡಾಗ ಕಟ್ಟಡ ನೋಡಿಕೊಳ್ಳುವ ಫೆಸಿಲಿಟಿ ತಂಡದಿಂದ ಫೋನ್. "ಸಾರ್, ಕ್ಯಾಡ್ ಫೈಲ್ ತೆಗೆದ್ರೆ ಪೈಪ್ ಮಾತ್ರ ಕಾಣ್ತಿದೆ, ಗೋಡೆನೇ ಇಲ್ಲ!" ಗೋಡೆಗಳು ಎಕ್ಸ್‌ರೆಫ್ ಆಗಿದ್ದವು, ಅಂದರೆ ನಮ್ಮ ಸರ್ವರಿನಲ್ಲಿರುವ ಇನ್ನೊಂದು ಫೈಲಿನಿಂದ ಬರುತ್ತಿದ್ದವು. ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗೇ ಕಾಣುತ್ತದೆ, ಅದಕ್ಕೇ ಇದು ನಮಗೆ ಗೊತ್ತಾಗುವುದೇ ಇಲ್ಲ. `XREF` ನಲ್ಲಿ ಎಲ್ಲವನ್ನೂ ಬೈಂಡ್ ಮಾಡಿ, `AUDIT` ಓಡಿಸಿ, ಆಮೇಲೆ `ETRANSMIT` ನಿಂದ ಫಾಂಟು, ಪ್ಲಾಟ್ ಸ್ಟೈಲ್ ಎಲ್ಲ ಸೇರಿಸಿ ಮತ್ತೆ ಕೊಟ್ಟೆವು. ಕೊಡುವ ಮುಂಚೆ ನಮ್ಮ ನೆಟ್‌ವರ್ಕಿಗೆ ಸೇರದ ಒಂದು ಲ್ಯಾಪ್‌ಟಾಪಿನಲ್ಲಿ, ನಮ್ಮ ಅಕೌಂಟೆಂಟ್ ಮಗಳ ಲ್ಯಾಪ್‌ಟಾಪು ಅದು, ತೆಗೆದು ನೋಡಿದೆವು. ಈಗ ಚೆಕ್‌ಲಿಸ್ಟಿನ ಕೊನೆಯ ಸಾಲು ಅದೇ.

ಹನ್ನೊಂದನೇ ವಾರ ಮತ್ತೆ ಟ್ಯೂಬುಗಳು, ಮತ್ತೆ ಮೆಟ್ರೊ. ಈ ಸಲ ಎರಡೇ ಸೆಟ್. ಮೇಡಂ ಎಲ್ಲ ಶೀಟು ಬಿಚ್ಚಲಿಲ್ಲ. ಒಳಚರಂಡಿ ಶೀಟು ಮಾತ್ರ ತೆಗೆದು, ಫೋನಿನ ಕ್ಯಾಲ್ಕುಲೇಟರಿನಲ್ಲಿ 15 ನ್ನು 0.110 ರಿಂದ ಭಾಗಿಸಿ ನೋಡಿದರು. ಪತ್ರದ ನಮ್ಮ ಕಾಪಿಯ ಮೇಲೆ ಸೀಲ್ ಒತ್ತಿ, ತಾರೀಖು ಹಾಕಿ ಕೊಟ್ಟರು. ನಾಲ್ಕನೇ ಮಹಡಿಯ ಕಂಡ್ಯೂಟಿನ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಅದನ್ನು ನಾನು ಅಳಿಸಿಲ್ಲ. ದುಡ್ಡಿನ ಪತ್ರ ಮೊನ್ನೆ ಕೊಟ್ಟಿದ್ದೇವೆ, ಅದು ಈಗ ಬಿಲ್ ಟೇಬಲ್ಲಿನಲ್ಲಿದೆ.